ಶನಿವಾರ, ಭಾನುವಾರದ ಗಳಿಕೆ: ತಂಗಿಗೆ ಅಕ್ಕ ಬರೆದ ಲೆಕ್ಕ

ಸುಮಾ,

ಶನಿವಾರ ಮಧ್ಯಾಹ್ನದಿಂದ ಭಾನುವಾರ ರಾತ್ರಿಯವರೆಗೆ ಮನೆಯಲ್ಲೇ ಏನಾದರೂ ಮಾಡಿ ತಿಂಗಳಿಗೆ ಎರಡು ಸಾವಿರ ರೂಪಾಯಿ ಕೈಗೆ ಬರುವಂತಾದರೆ ಸಾಕು ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಉಳಿದರ್ಧಕ್ಕೆ ವಾದ ಮಾಡುತ್ತೀಯ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ನೀನು ಕಳಿಸಿದ ಪಟ್ಟಿಯಲ್ಲಿ ಇದ್ದವುಗಳನ್ನು ಮೊದಲು ಬೇಗ ಬೇಗ ನೋಡಿ ಮುಗಿಸುತ್ತೇನೆ. ಆಮೇಲೆ ನನಗೆ ಸರಿಕಂಡ ಒಂದನ್ನು ಮಾತ್ರ ಬುಡದಿಂದ ತುದಿಯವರೆಗೆ ಹೇಳುತ್ತೇನೆ.

ನಿನ್ನ ಪಟ್ಟಿಯ ಬಗ್ಗೆ

ಮೊಬೈಲ್‌ನಲ್ಲಿ ವಿಡಿಯೊ ಲೈಕ್ ಮಾಡಿ ಹಣ ಗಳಿಸುವುದು, ಮನೆಯಲ್ಲೇ ಕುಳಿತು ಡೇಟಾ ಎಂಟ್ರಿ ಮಾಡುವುದು, ಇವೆರಡನ್ನೂ ಈಗಲೇ ಅಳಿಸಿಬಿಡು. ಮೊದಲ ದಿನ ನೂರೈವತ್ತು ರೂಪಾಯಿ ನಿಜವಾಗಿಯೂ ಖಾತೆಗೆ ಬರುತ್ತದೆ. ಆ ನಂಬಿಕೆಯ ಮೇಲೆ ‘ದೊಡ್ಡ ಟಾಸ್ಕ್’ಗೆ ಮುಂಗಡ ಕಟ್ಟು ಎನ್ನುತ್ತಾರೆ, ಕಟ್ಟಿದ್ದನ್ನು ಬಿಡಿಸಿಕೊಳ್ಳಲು ಇನ್ನಷ್ಟು ಕಟ್ಟಿಸುತ್ತಾರೆ. ಪಾಸ್‌ಬುಕ್ ಹಿಡಿದು ನಮ್ಮ ಬ್ಯಾಂಕಿನ ಕೌಂಟರಿಗೆ ಬಂದು ಅಳುವವರಲ್ಲಿ ಓದಿದವರೇ ಹೆಚ್ಚು. ಇದಕ್ಕಿಂತ ಕೆಟ್ಟದ್ದು ಖಾತೆಯನ್ನು ‘ಬಾಡಿಗೆಗೆ’ ಕೊಡುವುದು. ನಿನ್ನ ಖಾತೆಗೆ ಹಣ ಬರುತ್ತದೆ, ನೀನು ಬೇರೆಯವರಿಗೆ ಕಳಿಸು, ನೂರಕ್ಕೆ ಎರಡು ಇಟ್ಟುಕೋ ಎನ್ನುತ್ತಾರೆ. ಆ ಹಣ ಯಾರಿಂದಲೋ ಮೋಸದಿಂದ ಕಿತ್ತದ್ದಾಗಿರುತ್ತದೆ. ಪೊಲೀಸರ ಪತ್ರ ಬಂದರೆ ಖಾತೆ ಸ್ಥಗಿತವಾಗುತ್ತದೆ, ನಿನ್ನ ಸಂಬಳವೂ ಅದರೊಳಗೇ ಸಿಕ್ಕಿಕೊಳ್ಳುತ್ತದೆ.

ಟ್ಯೂಷನ್ ಒಳ್ಳೆಯದು. ಗಂಟೆಯ ಲೆಕ್ಕ ಹಾಕಿದರೆ ಎಲ್ಲಕ್ಕಿಂತ ಚೆನ್ನಾಗಿ ಗಿಟ್ಟುವುದು ಅದೇ. ಆದರೆ ಹತ್ತನೆಯ ತರಗತಿಯ ಮಕ್ಕಳ ತಂದೆತಾಯಿಗೆ ದಿನಾ ಸಂಜೆ ಪಾಠ ಬೇಕು, ನಿನಗೆ ಕಚೇರಿ ಬಿಡುವುದೇ ಏಳಕ್ಕೆ. ಪರೀಕ್ಷೆ ಮುಗಿದ ಮೇಲೆ ಎರಡು ತಿಂಗಳು ಆದಾಯವೂ ಇರುವುದಿಲ್ಲ. ಸೀರೆಗೆ ಕುಚ್ಚು ಕಟ್ಟುವುದು ನಿನ್ನ ಕೈಗೆ ಒಗ್ಗುತ್ತದೆ, ಆದರೆ ಅದು ಮದುವೆಯ ಹಂಗಾಮಿನ ಕೆಲಸ. ವೈಶಾಖದಲ್ಲಿ ರಾಶಿ ಬೀಳುತ್ತದೆ, ಆಷಾಢದಲ್ಲಿ ಒಂದೂ ಬರುವುದಿಲ್ಲ. ಅದನ್ನು ಬಿಡಬೇಡ, ಆದರೆ ನೆಚ್ಚಿಕೊಳ್ಳಲೂ ಬೇಡ. ಪಕ್ಕದ ಭಾಗ್ಯನಗರದಿಂದ ತಲೆಗೂದಲು ತಂದು ಸಿಕ್ಕು ಬಿಡಿಸುವ ಕೆಲಸಕ್ಕೆ ತೂಕದ ಮೇಲೆ ಕೂಲಿ ಕೊಡುತ್ತಾರೆ. ಅದರ ಧೂಳು ಅವ್ವನ ಕೆಮ್ಮಿಗೆ ಆಗಿಬರುವುದಿಲ್ಲ, ಆ ಮಾತು ಬೇಡವೇ ಬೇಡ.

ಇನ್ನುಳಿದದ್ದು ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಪುಡಿ. ನೀನು ಇವೆರಡನ್ನೂ ಒಂದೇ ಸಾಲಿನಲ್ಲಿ ಬರೆದಿದ್ದೀಯ. ಆದರೆ ಲೆಕ್ಕಕ್ಕೆ ಇಳಿದರೆ ಎರಡರ ದಾರಿ ಬೇರೆ ಬೇರೆ.

ರೊಟ್ಟಿ ಏಕೆ ಬೇಡ

ಐದು ಕಿಲೊ ಜೋಳದಿಂದ ಸುಮಾರು ನೂರು ರೊಟ್ಟಿ ಆಗುತ್ತವೆ ಎಂದು ಇಟ್ಟುಕೊಳ್ಳೋಣ. ಒಳ್ಳೆಯ ಬಿಳಿ ಜೋಳ ಕಿಲೊಗೆ 50 ರೂಪಾಯಿ ಎಂದರೆ 250, ಗಿರಣಿಗೆ 30, ಉರುವಲಿಗೆ 40, ಕಟ್ಟಲು ಕವರ್‌ಗಳಿಗೆ 40, ಒಟ್ಟು 360 ರೂಪಾಯಿ. ಒಂದು ರೊಟ್ಟಿ 7 ರೂಪಾಯಿಗೆ ಮಾರಿದರೆ 700 ಬರುತ್ತದೆ, 340 ಉಳಿಯುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಕುದಿನೀರು ಹಾಕಿ ಹಿಟ್ಟು ನಾದಿ, ಒಂದೊಂದಾಗಿ ಬಡಿದು, ಹಂಚಿನ ಮೇಲೆ ಹಾಕಿ ಮೇಲೆ ನೀರು ಸವರಿ, ಮಗುಚಿ ಉಬ್ಬಿಸಿ, ಮತ್ತೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತಿ ಒತ್ತಿ ಖಡಕ್ ಮಾಡುವಷ್ಟರಲ್ಲಿ ಏಳು ಗಂಟೆ ಹಿಡಿಯುತ್ತದೆ. ಗಂಟೆಗೆ 50 ರೂಪಾಯಿಯೂ ಬೀಳುವುದಿಲ್ಲ. ಸೋಮವಾರ ಬೆಳಿಗ್ಗೆ ನೀನು ಕಂಪ್ಯೂಟರಿನ ಮುಂದೆ ಕೂರುವಾಗ ರಟ್ಟೆ ಎತ್ತಲು ಆಗುವುದಿಲ್ಲ.

ಇನ್ನೊಂದು ಕಾರಣವೂ ಇದೆ. ನಮ್ಮ ಕೊಪ್ಪಳ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಗಾಡಿ ತುಂಬಿ ರೊಟ್ಟಿ ತಂದು ಕೊಡುವ ಊರು ಇದು. ಇಲ್ಲಿ ರೊಟ್ಟಿ ಬಡಿಯಲು ಬಾರದ ಮನೆ ಹುಡುಕಬೇಕು. ಕೊಳ್ಳುವವರು ಸಿಕ್ಕರೂ ಬೆಲೆ ಏರಿಸಲು ಬಿಡುವುದಿಲ್ಲ. ಯಾರಾದರೂ ಚಟ್ನಿಯ ಜೊತೆ ರೊಟ್ಟಿಯನ್ನೂ ಕೇಳಿದರೆ ಅದೇ ಉದ್ಯೋಗವಾಗಿರುವ ಹಿಂದಿನ ಓಣಿಯ ಅಕ್ಕನ ಹತ್ತಿರ ಕೊಂಡು ಕೊಡು. ರೊಟ್ಟಿಗೆ ಒಂದು ರೂಪಾಯಿ ನಿನಗೆ ಉಳಿದರೆ ಸಾಕು. ಅವರ ವ್ಯಾಪಾರಕ್ಕೂ ಅನುಕೂಲ, ನಿನ್ನ ರಟ್ಟೆಗೂ ಅನುಕೂಲ.

ಚಟ್ನಿ ಪುಡಿಯಲ್ಲಿ ಹುರಿಯುವುದು, ಆರಿಸುವುದು ಮತ್ತು ಪ್ಯಾಕ್ ಮಾಡುವುದೇ ಕೆಲಸ, ಮಧ್ಯದಲ್ಲಿ ಬಿಡುವು ಸಿಗುತ್ತದೆ. ಒಂದು ವಾರ ಮಾರದೆ ಉಳಿದರೂ ಕೆಡುವುದಿಲ್ಲ. ಬೆಂಗಳೂರಿನಲ್ಲಿ ಓದುವ, ದುಡಿಯುವ ಮಕ್ಕಳಿಗೆ ಕಳಿಸಲು ಹಗುರ. ಇನ್ನು ಮುಂದೆ ಅದರ ಮಾತು ಮಾತ್ರ.

ಶುಕ್ರವಾರ ರಾತ್ರಿ: ಆರಿಸುವುದು

ಮೊದಲಿಗೆ ಐದು ಕಿಲೊ ಶೇಂಗಾ ಬೀಜಕ್ಕಿಂತ ಹೆಚ್ಚು ತರಬೇಡ. ತಂದ ರಾತ್ರಿಯೇ ಮೊರದಲ್ಲಿ ಹರಡಿ, ಟ್ಯೂಬ್‌ಲೈಟಿನ ಕೆಳಗೆ ಕುಳಿತು ಆರಿಸು. ಸುಕ್ಕುಗಟ್ಟಿದ್ದು, ಕಪ್ಪಾದದ್ದು, ಹಳದಿ ಹಸಿರು ಬೂಸು ಹಿಡಿದದ್ದು, ಹುಳು ಕೊರೆದದ್ದು, ಎಲ್ಲವನ್ನೂ ತೆಗೆ. ರುಚಿ ಕೆಡುತ್ತದೆ ಎಂದಷ್ಟೇ ಇದನ್ನು ಹೇಳುತ್ತಿಲ್ಲ. ಶೇಂಗಾಕ್ಕೆ ಹಿಡಿಯುವ ಒಂದು ಬಗೆಯ ಬೂಸು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ, ಅದು ಯಕೃತ್ತಿಗೆ ಹಾನಿ ಮಾಡುತ್ತದೆ. ಹುರಿದರೆ ಬೂಸು ಸಾಯುತ್ತದೆ, ವಿಷ ಪೂರ್ತಿ ಹೋಗುವುದಿಲ್ಲ. ಹುರಿದ ಮೇಲೆ ಬಣ್ಣದಲ್ಲಿ ಬಣ್ಣ ಬೆರೆತು ಕೆಟ್ಟ ಕಾಳು ಕಣ್ಣಿಗೂ ಬೀಳುವುದಿಲ್ಲ. ಆರಿಸುವ ಕೆಲಸ ಹುರಿಯುವ ಮೊದಲೇ ಆಗಬೇಕು ಎನ್ನುವುದು ಇದಕ್ಕೇ.

ಅಂಗಡಿಯಲ್ಲಿ ಕೊಳ್ಳುವಾಗ ಚೀಲದ ಬಾಯಿಯ ಬಳಿಯ ಕಾಳನ್ನು ನೋಡಿ ನಂಬಬೇಡ. ಕೈ ಆಳಕ್ಕೆ ಹಾಕಿ ಒಂದು ಹಿಡಿ ತೆಗೆದು ನಾಲ್ಕು ಕಾಳು ಅಗಿದು ನೋಡು. ಕಹಿ ಅಥವಾ ಮುಗ್ಗು ವಾಸನೆ ಬಂದರೆ ಆ ಚೀಲದ ಸಹವಾಸವೇ ಬೇಡ, ಎಷ್ಟು ಅಗ್ಗವಾದರೂ ಸರಿ. ಕೆಟ್ಟವನ್ನು ದನಕ್ಕೂ ಹಾಕಬೇಡ. ಆ ವಿಷ ಹಾಲಿಗೂ ಇಳಿಯುತ್ತದೆ.

ಅದೇ ರಾತ್ರಿ ಅರ್ಧ ಕಿಲೊ ಬೆಳ್ಳುಳ್ಳಿ ಸುಲಿದು, ತೆಳ್ಳಗೆ ಸೀಳಿ, ತಟ್ಟೆಯ ಮೇಲೆ ಹರಡಿಡು. ಮನೆಯ ಚಟ್ನಿಗೆ ಅವ್ವ ಹಸಿ ಬೆಳ್ಳುಳ್ಳಿಯನ್ನೇ ಕುಟ್ಟಿ ಹಾಕುತ್ತಾಳೆ, ರುಚಿಯೂ ಅದರದೇ. ಆದರೆ ಅದು ನಾಲ್ಕು ದಿನದಲ್ಲಿ ತಿಂದು ಮುಗಿಸುವ ಚಟ್ನಿ. ಹಸಿ ಬೆಳ್ಳುಳ್ಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಮುಚ್ಚಿದ ಪೊಟ್ಟಣದೊಳಗೆ ಆ ನೀರು ಪುಡಿಗೆ ಇಳಿದರೆ ಮೊದಲು ಉಂಡೆ ಕಟ್ಟುತ್ತದೆ, ಆಮೇಲೆ ಬೂಸು ಬರುತ್ತದೆ. ಮಾರುವುದಕ್ಕೆ ಒಣ ಬೆಳ್ಳುಳ್ಳಿಯೇ ಆಗಬೇಕು. ಶನಿವಾರದ ಬಿಸಿಲಿಗೆ ತೆಳುಬಟ್ಟೆ ಮುಚ್ಚಿ ಒಣಗಿಸು, ಸಂಜೆ ಕಬ್ಬಿಣದ ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡು. ಆರಿದ ಮೇಲೆ ಮುರಿದರೆ ಟಕ್ ಎನ್ನಬೇಕು. ಬಾಗಿದರೆ ಇನ್ನೂ ಒಳಗೆ ನೀರಿದೆ. ಮಳೆಗಾಲದಲ್ಲಿ ಬಿಸಿಲು ಇಲ್ಲದಿದ್ದರೆ ಆ ವಾರ ಬೆಳ್ಳುಳ್ಳಿ ಇಲ್ಲದ ಪುಡಿ ಮಾಡು, ಅದನ್ನೇ ಕೇಳುವ ಮನೆಗಳೂ ನಮ್ಮಲ್ಲಿ ಇವೆ. ಆದರೆ ಆ ಬ್ಯಾಚಿನ ಪೊಟ್ಟಣಕ್ಕೆ ಅಂಟಿಸುವ ಚೀಟಿ ಬೇರೆ.

ಶನಿವಾರ ಸಂಜೆ: ಹುರಿಯುವುದು

ದಪ್ಪ ತಳದ ಕಬ್ಬಿಣದ ಬಾಣಲೆ, ಸಣ್ಣ ಉರಿ, ಒಂದು ಸಲಕ್ಕೆ ಒಂದು ಕಿಲೊ ಮಾತ್ರ. ಐದೂ ಕಿಲೊ ಒಟ್ಟಿಗೆ ಸುರಿದರೆ ಕೆಳಗಿನದು ಸೀದುಹೋಗುತ್ತದೆ, ಮೇಲಿನದು ಹಸಿಯಾಗಿಯೇ ಉಳಿಯುತ್ತದೆ. ಕೈ ಬಿಡದೆ ಆಡಿಸುತ್ತಿದ್ದರೆ ಹದಿನೈದು ನಿಮಿಷದ ಆಸುಪಾಸಿನಲ್ಲಿ ಚಟಪಟ ಸದ್ದು ಶುರುವಾಗುತ್ತದೆ. ಗಡಿಯಾರವನ್ನು ನಂಬಬೇಡ, ಕಾಳನ್ನು ನೋಡು. ಒಂದನ್ನು ತೆಗೆದು ಆರಿಸಿ ಎರಡು ಬೆರಳಿನ ನಡುವೆ ತಿಕ್ಕಿದರೆ ಸಿಪ್ಪೆ ತಾನೇ ಜಾರಬೇಕು. ಇಬ್ಭಾಗ ಮಾಡಿದರೆ ಒಳಗೂ ಹೊರಗೂ ಒಂದೇ ತೆಳುಗಂದು ಬಣ್ಣ ಇರಬೇಕು. ಒಳಗೆ ಬೆಳ್ಳಗಿದ್ದರೆ ಉರಿ ಜೋರಾಗಿದೆ, ಮೇಲೆ ಮಾತ್ರ ಬೆಂದಿದೆ ಎಂದರ್ಥ. ಅಂಥ ಕಾಳಿನ ಪುಡಿ ಬೇಗ ಮುಗ್ಗುತ್ತದೆ.

ಸರಿಯಾದ ಬಣ್ಣ ಬರುವ ತುಸು ಮೊದಲೇ ಇಳಿಸು. ಉರಿ ಆರಿಸಿದ ಮೇಲೂ ಬಿಸಿ ಬಾಣಲೆಯಲ್ಲಿ ಕಾಳು ಬೇಯುತ್ತಲೇ ಇರುತ್ತದೆ. ಅಗಲ ತಟ್ಟೆಗೋ ಹಾಸಿದ ಹತ್ತಿ ಬಟ್ಟೆಗೋ ತೆಳ್ಳಗೆ ಸುರಿದು ಬಿಟ್ಟುಬಿಡು. ಪೂರ್ತಿ ಆರಿದ ಮೇಲೆ ತಿಕ್ಕಿ, ಅಂಗಳದಲ್ಲಿ ಗಾಳಿಗೆ ಮೊರ ಹಿಡಿದು ಕೇರಿದರೆ ಸಿಪ್ಪೆ ಹಾರಿಹೋಗುತ್ತದೆ.

ಇಲ್ಲಿ ಒಂದು ಮಾತು. ಮನೆಯ ಗ್ಯಾಸ್ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಹಿತ್ತಲಿನ ಒಲೆ ಇದ್ದೇ ಇದೆ, ತೊಗರಿ ಕಟ್ಟಿಗೆ ದೊಡ್ಡಪ್ಪನ ಹೊಲದಿಂದ ಬರುತ್ತದೆ. ಅದರಲ್ಲೇ ಹುರಿ. ಉರಿ ತಗ್ಗಿಸುವುದು ಸ್ವಲ್ಪ ಕಷ್ಟ, ಕಟ್ಟಿಗೆ ಹಿಂದಕ್ಕೆ ಎಳೆದು ಕೆಂಡದ ಮೇಲೆ ಹುರಿಯುವುದನ್ನು ಅವ್ವನಿಂದ ನೋಡಿ ಕಲಿ. ಮುಂದೆ ವ್ಯಾಪಾರ ಬೆಳೆದರೆ ವಾಣಿಜ್ಯ ಸಿಲಿಂಡರಿನ ಖರ್ಚನ್ನು ಲೆಕ್ಕಕ್ಕೆ ಸೇರಿಸಿಕೊಳ್ಳೋಣ.

ಭಾನುವಾರ ಬೆಳಿಗ್ಗೆ: ಪುಡಿ ಮಾಡುವುದು

ಅವಸರ ಪಟ್ಟರೆ ಇಡೀ ಬ್ಯಾಚ್ ಹಾಳಾಗುವ ಜಾಗ ಇದು. ಶೇಂಗಾದ ಅರ್ಧದಷ್ಟು ಭಾರ ಎಣ್ಣೆಯೇ. ಕಾಳು ಬಿಸಿಯಿದ್ದಾಗ ಅಥವಾ ಮಿಕ್ಸಿಯ ಜಾರ್ ಬಿಸಿಯೇರಿದಾಗ ರುಬ್ಬಿದರೆ ಆ ಎಣ್ಣೆ ಹೊರಬಂದು ಪುಡಿಯ ಬದಲು ಮುದ್ದೆ ಸಿಗುತ್ತದೆ. ಹೊರಬಂದ ಎಣ್ಣೆಗೆ ಗಾಳಿ ತಗುಲಿ ಬೇಗ ಕಮಟುತ್ತದೆ, ಪೊಟ್ಟಣದ ಹೊರಗೂ ಜಿಡ್ಡು ಜಿನುಗುತ್ತದೆ.

ಮೊದಲು 400 ಗ್ರಾಂ ಖಾರದ ಪುಡಿ, 200 ಗ್ರಾಂ ಉಪ್ಪು, ಹುರಿದ 100 ಗ್ರಾಂ ಜೀರಿಗೆ, ಒಣ ಬೆಳ್ಳುಳ್ಳಿ, ಇಷ್ಟನ್ನು ಸೇರಿಸಿ ನುಣ್ಣಗೆ ಮಾಡಿಕೋ. ಖಾರದ ಪುಡಿಯನ್ನು ಅಂಗಡಿಯಿಂದ ಬಿಡಿಯಾಗಿ ತರಬೇಡ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಮೆಣಸಿನಕಾಯಿ ತಂದು, ತೊಟ್ಟು ಮುರಿದು ಒಣಗಿಸಿ ಗಿರಣಿಗೆ ಹಾಕಿಸು. ಎರಡರ ಪ್ರಮಾಣವನ್ನು ಬರೆದಿಟ್ಟುಕೋ, ಏಕೆಂದರೆ ಕೊಂಡವರು ಮುಂದಿನ ಸಲವೂ ಅದೇ ಖಾರವನ್ನು ಕೇಳುತ್ತಾರೆ.

ಆಮೇಲೆ ಶೇಂಗಾ. ದೊಡ್ಡ ಜಾರಿಗೆ 300 ಗ್ರಾಮಿನಷ್ಟು ಹಾಕಿ, ಗುಂಡಿಯನ್ನು ತಿರುಗಿಸಿ ಬಿಡು, ತಿರುಗಿಸಿ ಬಿಡು. ಒಂದೇ ಸಮನೆ ಓಡಿಸಬೇಡ. ದಪ್ಪ ರವೆಯ ಹದಕ್ಕೆ ಬಂದರೆ ಸಾಕು. ಎರಡು ಮೂರು ಸಲ ಆದ ಮೇಲೆ ಜಾರಿನ ತಳ ಮುಟ್ಟಿ ನೋಡು, ಬಿಸಿಯಾಗಿದ್ದರೆ ಮಿಕ್ಸಿಗೂ ವಿಶ್ರಾಂತಿ ಕೊಡು. ಒಂದು ಮುಷ್ಟಿ ಪುಡಿಯನ್ನು ಹಿಡಿದು ಅಮುಕಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ಉದುರದೆ ಹಾಗೆಯೇ ನಿಂತರೆ ಹೆಚ್ಚು ರುಬ್ಬಿದ್ದೀಯ. ಅದನ್ನು ಮನೆಗೆ ಇಟ್ಟುಕೋ, ಪೊಟ್ಟಣಕ್ಕೆ ಬೇಡ. ಕೊನೆಗೆ ಎರಡನ್ನೂ ಅಗಲ ಪಾತ್ರೆಯಲ್ಲಿ ಒಣ ಕೈಯಿಂದ ಬೆರೆಸಿ ಒಂದು ಗಂಟೆ ಬಟ್ಟೆ ಮುಚ್ಚಿ ಇಡು. ಬೆಲ್ಲ, ಹುಣಸೆ ಹಾಕುವ ಪದ್ಧತಿ ಕೆಲವರದು. ಎರಡೂ ನೀರು ಎಳೆಯುತ್ತವೆ, ಮಾರುವ ಪುಡಿಗೆ ಬೇಡ.

ಐದು ಕಿಲೊ ಬೀಜ ಹಾಕಿದರೆ ಐದು ಕಿಲೊ ಶೇಂಗಾ ಪುಡಿ ಬರುತ್ತದೆ ಎಂದುಕೊಳ್ಳಬೇಡ. ಆರಿಸಿ ಬಿಸಾಡಿದ್ದು, ಹುರಿಯುವಾಗ ಆವಿಯಾದ ನೀರು, ಹಾರಿಹೋದ ಸಿಪ್ಪೆ ಸೇರಿ ಸುಮಾರು ಅರ್ಧ ಕಿಲೊ ಕಡಿಮೆಯಾಗುತ್ತದೆ. ಖಾರ, ಉಪ್ಪು, ಬೆಳ್ಳುಳ್ಳಿ, ಜೀರಿಗೆ ಸೇರಿ, ಪಾತ್ರೆಗೆ ಅಂಟಿದ್ದು ಕಳೆದು, ಕೈಗೆ 5.2 ಕಿಲೊ ಸಿಕ್ಕರೆ ಅದೇ ಸರಿಯಾದ ಲೆಕ್ಕ. 200 ಗ್ರಾಮಿನ 26 ಪೊಟ್ಟಣ.

ಪೊಟ್ಟಣ ಮತ್ತು ಚೀಟಿ

ತೆಳು ಪಾಲಿಥಿನ್ ಕವರ್ ಬೇಡ. ಅದರ ಮೂಲಕ ಗಾಳಿ ಆಡುತ್ತದೆ, ಎಣ್ಣೆಯೂ ಹೊರಬರುತ್ತದೆ. ಪದರಗಳಿರುವ, ನಿಲ್ಲುವ ಜಿಪ್ ಪೌಚ್ ತರಿಸು. ಚೀಟಿ ಸೇರಿ ಒಂದಕ್ಕೆ ಐದು ರೂಪಾಯಿ ಹಿಡಿದುಕೋ. ತುಂಬುವಾಗ ಬಾಯಿಯ ಅಂಚಿಗೆ ಪುಡಿ ತಾಗಿದ್ದರೆ ಒಣ ಬಟ್ಟೆಯಿಂದ ಒರೆಸಿ ಆಮೇಲೆ ಸೀಲ್ ಮಾಡು, ಇಲ್ಲದಿದ್ದರೆ ಸೀಲ್ ಹಿಡಿದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ಒಂದೆರಡನ್ನು ಬಕೆಟಿನ ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಒತ್ತಿ ನೋಡು. ಗುಳ್ಳೆ ಬಂದರೆ ಸೀಲರ್‌ನ ಬಿಸಿ ಸಾಲದು.

ಪ್ರತಿ ಬ್ಯಾಚಿನಿಂದ ಒಂದು ಪೊಟ್ಟಣವನ್ನು ಮಾರದೆ, ದಿನಾಂಕ ಬರೆದು, ಅಡುಗೆಮನೆಯ ಸಾದಾ ಕಪಾಟಿನಲ್ಲೇ ಇಡು. ಫ್ರಿಜ್‌ನಲ್ಲಿಟ್ಟು ಪರೀಕ್ಷಿಸಿದರೆ ಅದು ನಮ್ಮೂರಿನ ಬೇಸಿಗೆಯ ಪರೀಕ್ಷೆಯಲ್ಲ. ತಿಂಗಳಾದ ಮೇಲೆ ತೆರೆದು ಮೂಸಿ ನೋಡು. ಎಣ್ಣೆ ಕಮಟಿದ ವಾಸನೆ, ಉಂಡೆ, ಬಣ್ಣಗೆಟ್ಟ ಚುಕ್ಕೆ ಏನೂ ಇಲ್ಲದಿದ್ದರೆ ‘ಒಂದು ತಿಂಗಳೊಳಗೆ ಬಳಸಿ’ ಎಂದು ಧೈರ್ಯವಾಗಿ ಬರೆಯಬಹುದು. ಅದನ್ನು ಎರಡು ತಿಂಗಳಿಗೆ ಏರಿಸಬೇಕೆಂದರೆ ಮೊದಲು ಎರಡು ತಿಂಗಳಿನ ಪೊಟ್ಟಣ ತೆರೆದು ನೋಡಿರಬೇಕು. ಬೇರೆಯವರ ಪೊಟ್ಟಣ ನೋಡಿ ಆರು ತಿಂಗಳು ಎಂದು ಬರೆಯಬೇಡ. ಅವರ ಯಂತ್ರ ಬೇರೆ, ಪೊಟ್ಟಣದೊಳಗಿನ ಗಾಳಿಯೂ ಬೇರೆ.

ಮಾರುವ ಮೊದಲು ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿ ಆಗಬೇಕು. ಮನೆಯಲ್ಲಿ ಮಾಡುವ ಸಣ್ಣ ತಯಾರಕರಿಗೂ ಇದು ಕಡ್ಡಾಯ. foscos.fssai.gov.in ತಾಣದಲ್ಲಿ ನಿನ್ನ ಫೋಟೊ, ಗುರುತಿನ ಚೀಟಿ ಮತ್ತು ಮನೆಯ ವಿಳಾಸದೊಂದಿಗೆ ಅರ್ಜಿ ಹಾಕಬಹುದು. ಸಣ್ಣ ನೋಂದಣಿಯ ಸರ್ಕಾರಿ ಶುಲ್ಕ ವರ್ಷಕ್ಕೆ ನೂರು ರೂಪಾಯಿ. ಸಾವಿರಾರು ಕೊಡು, ನಾನು ಮಾಡಿಸಿಕೊಡುತ್ತೇನೆ ಎನ್ನುವವರ ಹತ್ತಿರ ಹೋಗಬೇಡ. ನಿನಗೆ ಕಂಪ್ಯೂಟರ್ ಬರುತ್ತದೆ, ನೀನೇ ಮಾಡು. ಅಡುಗೆಮನೆ ನೋಡಲು ಅಧಿಕಾರಿ ಬಂದರೂ ಬರಬಹುದು.

ಸಿಗುವ ಹದಿನಾಲ್ಕು ಅಂಕಿಗಳ ಸಂಖ್ಯೆ ಚೀಟಿಯ ಮೇಲೆ ಇರಬೇಕು. ಅದರ ಜೊತೆ ಪದಾರ್ಥದ ಹೆಸರು, ಏನೇನು ಹಾಕಿದೆ ಎಂಬ ಪಟ್ಟಿ (ಹೆಚ್ಚು ತೂಕದ್ದು ಮೊದಲು), ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ದಿನಾಂಕ, ಬಳಸಬೇಕಾದ ಅವಧಿ, ಬ್ಯಾಚ್ ಸಂಖ್ಯೆ, ನಿನ್ನ ಹೆಸರು ವಿಳಾಸ ಮತ್ತು ದೂರವಾಣಿ, ಸಸ್ಯಾಹಾರದ ಹಸಿರು ಗುರುತು. ‘ಶೇಂಗಾ ಇದೆ’ ಎಂದು ಬೇರೆಯಾಗಿಯೂ ಬರೆ. ಶೇಂಗಾ ಆಗಿಬಾರದವರಿಗೆ ಅದು ಪ್ರಾಣದ ಮಾತು. ತೂಕದ ಯಂತ್ರವನ್ನು ಕೊಳ್ಳುವಾಗ ಕಾನೂನು ಮಾಪನ ಇಲಾಖೆಯ ಮುದ್ರೆ ಇರುವುದನ್ನೇ ಕೇಳು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಅಡುಗೆಮನೆಯ ತಕ್ಕಡಿ ವ್ಯಾಪಾರಕ್ಕೆ ನಡೆಯುವುದಿಲ್ಲ.

ಬೆಲೆ ಕಟ್ಟುವುದು

ಇನ್ನು ನನ್ನ ಕ್ಷೇತ್ರಕ್ಕೆ ಬಂದೆ. ಬೆಲೆಗಳು ಏರಿಳಿಯುತ್ತವೆ, ನೀನು ಆ ವಾರದ ದರ ಹಾಕಿಕೋ. ಲೆಕ್ಕದ ಕ್ರಮವನ್ನು ಮಾತ್ರ ಬದಲಿಸಬೇಡ.

ಬೀಜ ಕಿಲೊಗೆ 130ರಂತೆ ಐದು ಕಿಲೊಗೆ 650. ಖಾರದ ಪುಡಿಗೆ 160, ಬೆಳ್ಳುಳ್ಳಿಗೆ 75, ಉಪ್ಪು ಜೀರಿಗೆಗೆ 45. ಉರುವಲು ಮತ್ತು ವಿದ್ಯುತ್ತಿಗೆ 40. ಪೊಟ್ಟಣ 26ಕ್ಕೆ 130. ಒಟ್ಟು 1,100 ರೂಪಾಯಿ. ಒಂದು ಪೊಟ್ಟಣ ಪರೀಕ್ಷೆಗೆ ಹೋಯಿತು, ಮಾರಲು ಉಳಿದದ್ದು 25. ಅಂದರೆ ಒಂದಕ್ಕೆ ಬಿದ್ದ ಅಸಲು 44. ಕಟ್ಟಿಗೆ ದೊಡ್ಡಪ್ಪನದು, ಅದಕ್ಕೇಕೆ ಲೆಕ್ಕ ಎನ್ನಬೇಡ. ಇವತ್ತು ಪುಕ್ಕಟೆ ಸಿಕ್ಕದ್ದು ನಾಳೆ ಸಿಗದಿದ್ದಾಗ ಬೆಲೆ ಏರಿಸಲು ನಿನಗೆ ನಾಚಿಕೆಯಾಗುತ್ತದೆ.

ಅರವತ್ತಕ್ಕೆ ಕೊಡುತ್ತೇನೆ, ಹದಿನಾರು ಉಳಿಯುತ್ತದಲ್ಲ ಎಂದು ನಿನಗೆ ಅನಿಸುವುದು ನನಗೆ ಗೊತ್ತು. ಅಂಗಡಿಯವರು ನೂರಕ್ಕೆ ಇಪ್ಪತ್ತು ಕೇಳುತ್ತಾರೆ. ಅರವತ್ತರಲ್ಲಿ ಹನ್ನೆರಡು ಅವರಿಗೆ ಹೋದರೆ ನಿನಗೆ ಉಳಿಯುವುದು ನಾಲ್ಕು ರೂಪಾಯಿ. ಹದಿನೈದು ಪೊಟ್ಟಣ ನೇರವಾಗಿ, ಹತ್ತು ಅಂಗಡಿಯ ಮೂಲಕ ಎಂದು ಹಿಡಿದರೆ ಬರುವುದು 900 ಮತ್ತು 480, ಒಟ್ಟು 1,380. ಅಸಲು ಕಳೆದು, ಆಟೊ ಖರ್ಚು 50 ಕಳೆದರೆ 230 ರೂಪಾಯಿ. ಆರಿಸುವುದರಿಂದ ತಲುಪಿಸುವವರೆಗೆ ಆರೂವರೆ ಗಂಟೆ ಹಿಡಿಯುವ ಕೆಲಸ ಇದು. ಗಂಟೆಗೆ 35 ರೂಪಾಯಿ ಬಿತ್ತು, ರೊಟ್ಟಿಗಿಂತಲೂ ಕಡಿಮೆ.

ಅದನ್ನೇ 75ಕ್ಕೆ ಮಾರು. ನೇರವಾಗಿ 1,125, ಅಂಗಡಿಯಿಂದ ಒಂದಕ್ಕೆ 60ರಂತೆ 600, ಒಟ್ಟು 1,725. ಅಸಲು ಮತ್ತು ಆಟೊ ಕಳೆದು 575 ಉಳಿಯುತ್ತದೆ. ಗಂಟೆಗೆ 88, ತಿಂಗಳಿಗೆ ನಾಲ್ಕು ವಾರಕ್ಕೆ 2,300. ನೀನು ಕೇಳಿದ ಎರಡು ಸಾವಿರ ಇಲ್ಲಿದೆ, ಆದರೆ ಅದು ಎಪ್ಪತ್ತೈದರ ಬೆಲೆಯಲ್ಲಿ ಮಾತ್ರ ಇದೆ. ಬೆಲೆ ಒಪ್ಪದವರಿಗೆ ನೂರು ಗ್ರಾಮಿನ ಪೊಟ್ಟಣ ಕೊಡು, ಬೆಲೆ ಇಳಿಸಬೇಡ. ತೂಕದ ಯಂತ್ರ, ಸೀಲರ್, ಮೊದಲ ಪೌಚ್‌ಗಳಿಗೆ ಸೇರಿ ಮೂರು ಸಾವಿರದ ಸುಮಾರು ಬೇಕಾಗಬಹುದು. ಮೊದಲ ಒಂದೂವರೆ ತಿಂಗಳ ಗಳಿಕೆ ಅದನ್ನು ತೀರಿಸಲಿಕ್ಕೇ ಹೋಗುತ್ತದೆ. ಇದಕ್ಕಾಗಿ ಸಾಲ ಮಾಡಬೇಡ. ಮುದ್ರಾ ಯೋಜನೆಯ ಶಿಶು ಸಾಲ ಐವತ್ತು ಸಾವಿರದವರೆಗೆ ಸಿಗುತ್ತದೆ ಎಂದು ನಾನೇ ಕೌಂಟರಿನಲ್ಲಿ ದಿನವೂ ಹೇಳುತ್ತೇನೆ, ಆದರೆ ಮೂರು ಸಾವಿರಕ್ಕೆ ಕಂತು ಕಟ್ಟುವುದು ಜಾಣತನವಲ್ಲ.

ಯಾರಿಗೆ ಮಾರುವುದು

ನಮ್ಮೂರಿನವರಿಗಿಂತ ಊರು ಬಿಡುವವರು ಒಳ್ಳೆಯ ಗಿರಾಕಿಗಳು. ಭಾನುವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿಗೋ ಬೆಂಗಳೂರಿನ ಬಸ್ಸಿಗೋ ಹೋಗುವ ಹುಡುಗ ಹುಡುಗಿಯರ ಮನೆಗಳು ನಮ್ಮ ಓಣಿಯಲ್ಲೇ ಎಷ್ಟಿವೆ ಎಣಿಸು. ಆ ತಾಯಂದಿರಿಗೆ ಮಕ್ಕಳ ಚೀಲಕ್ಕೆ ಏನಾದರೂ ಹಾಕಲೇಬೇಕು, ಹುರಿದು ಕುಟ್ಟಲು ಸಮಯವಿಲ್ಲ. ಬುಧವಾರದೊಳಗೆ ಎಷ್ಟು ಬೇಕೆಂದು ಕೇಳಿಟ್ಟುಕೊಂಡು, ಅಷ್ಟಕ್ಕೆ ಐದಾರು ಹೆಚ್ಚು ಮಾಡು. ಭಾನುವಾರ ಸಂಜೆ ಆರರೊಳಗೆ ಮುಟ್ಟಿಸು. ಆರು ದಾಟಿದರೆ ಚೀಲದ ಬಾಯಿ ಕಟ್ಟಿ ಆಗಿರುತ್ತದೆ.

ಅಂಗಡಿ ಎರಡು ಸಾಕು. ಹತ್ತಕ್ಕಿಂತ ಹೆಚ್ಚು ಪೊಟ್ಟಣ ಇಡಬೇಡ, ಹಳೆಯದರ ಹಣ ಬಾರದೆ ಹೊಸದು ಕೊಡಬೇಡ. ಬಿಸಿಲು ಬೀಳುವ ಮುಂಗಟ್ಟಿನಲ್ಲಿ ತೂಗುಹಾಕಿದರೆ ಹದಿನೈದೇ ದಿನದಲ್ಲಿ ಕಮಟುತ್ತದೆ, ಒಳಗಿನ ಕಪಾಟಿನಲ್ಲಿ ಇಡಲು ಹೇಳು. ಉದ್ರಿಯನ್ನು ನೆಂಟರಿಗೆ ಕೂಡ ಪುಸ್ತಕದಲ್ಲಿ ಬರೆದೇ ಕೊಡು. ಚಿಕ್ಕಮ್ಮನಿಗೆ ಪುಕ್ಕಟೆ ಕೊಡಬೇಕೆನಿಸಿದರೆ ಕೊಡು, ಆದರೆ ಆ ಪೊಟ್ಟಣದ 44 ರೂಪಾಯಿಯನ್ನು ‘ಮನೆ’ ಎಂದು ಬರೆ.

ಹಣ ಬರುವ ದಾರಿ

ಸಂಬಳದ ಖಾತೆಗೆ ಈ ಹಣ ಸೇರಿಸಬೇಡ. ಬೇರೆ ಖಾತೆ ತೆರೆದು, ಅದಕ್ಕೆ ವ್ಯಾಪಾರಿಗಳ ಕ್ಯೂಆರ್ ಕೋಡ್ ಪಡೆದುಕೋ. ಉಳಿತಾಯ ಖಾತೆ ವ್ಯಾಪಾರಕ್ಕೆಂದು ಇರುವುದಲ್ಲ, ವ್ಯವಹಾರ ದಿನನಿತ್ಯದ್ದಾದರೆ ಚಾಲ್ತಿ ಖಾತೆ ಬೇಕು. ಆದರೆ ಅದಕ್ಕೆ ಕನಿಷ್ಠ ಮೊತ್ತ ಎಷ್ಟು ಇಡಬೇಕೆಂದು ಮೊದಲೇ ಕೇಳಿಕೋ, ಕಡಿಮೆಯಾದರೆ ದಂಡ ಬೀಳುತ್ತದೆ.

ಹಣ ಕಳಿಸಿದೆ ಎಂದು ಗಿರಾಕಿ ತಮ್ಮ ಮೊಬೈಲ್ ತೋರಿಸಿದರೆ ಅದನ್ನು ನೋಡಬೇಡ, ನಿನ್ನ ಖಾತೆ ನೋಡು. ಹಣ ಪಡೆಯಲು ಎಂದೂ ಪಿನ್ ಒತ್ತಬೇಕಾಗಿಲ್ಲ. ಒತ್ತು ಎಂದವರು ನಿನ್ನ ಹಣ ತೆಗೆಯುವವರು. ‘ಎಪ್ಪತ್ತೈದರ ಬದಲು ಏಳೂವರೆ ಸಾವಿರ ಬಿತ್ತು, ವಾಪಸು ಹಾಕು’ ಎಂದು ಅಪರಿಚಿತರು ಫೋನ್ ಮಾಡಿದರೆ ಮೊದಲು ಖಾತೆ ತೆರೆದು ನೋಡು. ಬಹುತೇಕ ಸಲ ಅಲ್ಲಿ ಏನೂ ಬಂದಿರುವುದಿಲ್ಲ. ನಿಜವಾಗಿ ಬಂದಿದ್ದರೂ ನೀನಾಗಿ ಕಳಿಸಬೇಡ, ಅವರ ಬ್ಯಾಂಕಿನಲ್ಲಿ ದೂರು ಕೊಡಲು ಹೇಳಿ, ನಿನ್ನ ಶಾಖೆಗೂ ತಿಳಿಸು. ಅದು ಕದ್ದ ಹಣವಾಗಿದ್ದರೆ ಸುಳಿವು ನಿನ್ನ ಖಾತೆಗೇ ಬಂದು ನಿಲ್ಲುತ್ತದೆ.

ನನ್ನ ಹೆಸರು ಎಲ್ಲಿಯೂ ಬರಬಾರದು. ಬ್ಯಾಂಕಿನ ನೌಕರರು ಅನುಮತಿಯಿಲ್ಲದೆ ಹೊರಗೆ ವ್ಯಾಪಾರ ಮಾಡುವಂತಿಲ್ಲ, ನೋಂದಣಿ, ಕ್ಯೂಆರ್, ಚೀಟಿ ಎಲ್ಲವೂ ನಿನ್ನ ಹೆಸರಿನಲ್ಲೇ ಇರಲಿ. ನಿನ್ನ ನೇಮಕಾತಿ ಪತ್ರದಲ್ಲೂ ಅಂಥ ಷರತ್ತು ಇದೆಯೇ ಎಂದು ಓದಿ ನೋಡು. ಇದ್ದರೆ ಅವ್ವನ ಹೆಸರಿನಲ್ಲಿ ಮಾಡಿಬಿಡೋಣ ಎನ್ನುವ ಜಾಣತನ ಬೇಡ, ಕಚೇರಿಯಲ್ಲಿ ಕೇಳಿ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೋ.

ನೋಂದಣಿ ಬರುವವರೆಗೆ ಮಾರಬೇಡ, ಒಂದು ಕಿಲೊ ಬೀಜದ ಪರೀಕ್ಷೆಯ ಬ್ಯಾಚ್ ಮಾಡಿ ಪೊಟ್ಟಣ ಕಪಾಟಿಗೆ ಇಡು. ಎರಡನೇ ಶನಿವಾರ ನಮ್ಮ ಬ್ಯಾಂಕಿಗೆ ರಜೆ, ಗಂಗಾವತಿಯಿಂದ ಬೆಳಗಿನ ಬಸ್ಸಿಗೇ ಬರುತ್ತೇನೆ. ಅರ್ಜಿಗೆ ಬೇಕಾದ ಫೋಟೊ ಮತ್ತು ಮನೆಯ ವಿದ್ಯುತ್ ಬಿಲ್ ತೆಗೆದಿಡು. ಬೀಜ ಮಾತ್ರ ನಾನು ಬರುವವರೆಗೆ ಕೊಳ್ಳಬೇಡ, ಜೊತೆಗೆ ಹೋಗಿ ಚೀಲದೊಳಗೆ ಕೈ ಹಾಕಿ ನೋಡಿಯೇ ತರೋಣ.

ಅಕ್ಕ